ಮಾನ್ಯ ಕಾರ್ಪೊರೇಟರ್ ಅವರಿಗೆ (ಇದ್ದರೆ)

ಬೆಂಗಳೂರಿನ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯ ಪ್ರಾಜೆಕ್ಟಿಗೆಂದು ಪತ್ರ ಬರೆದಿದ್ದಾಳೆ. ‘ಮಾನ್ಯ ವಾರ್ಡ್ ಸದಸ್ಯರೇ, ಬಜೆಟ್ ಮಾಡುವಾಗ ನಮ್ಮ ಬೀದಿಯವರನ್ನು ಯಾವಾಗ, ಹೇಗೆ ಕೇಳುತ್ತೀರಿ? ದಯವಿಟ್ಟು ತಿಳಿಸಿ.’ ಅಕ್ಷರ ಚೆನ್ನಾಗಿದೆ, ವಿನಯಕ್ಕೂ ಕೊರತೆ ಇಲ್ಲ. ಓದಬೇಕಾದವರೇ ಇಲ್ಲ, ಅಷ್ಟೆ.

ನಿಮಗೆ ಕಥೆ ಗೊತ್ತೇ ಇದೆ. ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಆಗ ಈ ಹುಡುಗಿ ಐದನೇ ಕ್ಲಾಸು. ಚುನಾವಣೆ ಮಾಡಿ ಎಂದು ಹೈಕೋರ್ಟ್ ಹೇಳಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂತು. 2025 ಮುಗಿದರೂ ಮತಗಟ್ಟೆ ತೆರೆಯಲಿಲ್ಲ. ಕಾರ್ಪೊರೇಟರ್ ಹುಟ್ಟಲಿಲ್ಲ, ಆದರೆ ವಾರ್ಡುಗಳು ಮಾತ್ರ ಚೆನ್ನಾಗಿ ಹುಟ್ಟಿದವು. 198 ಇದ್ದದ್ದು 243 ಆಯಿತು, ಆಮೇಲೆ 225ಕ್ಕೆ ಇಳಿಯಿತು, ಈಗ ಬಿಬಿಎಂಪಿಯನ್ನೇ ಒಡೆದು ಮಾಡಿದ ಐದು ಪಾಲಿಕೆ ಸೇರಿ 369. ಜನಪ್ರತಿನಿಧಿ ಒಬ್ಬರೂ ಇಲ್ಲದೆ ವಾರ್ಡ್ ಸಂಖ್ಯೆಯನ್ನು ಹೀಗೆ ಏರಿಸಿ ಇಳಿಸಿ ತೋರಿಸುವುದು ಸುಮ್ನೆ ಅಲ್ಲ, ಅದಕ್ಕೂ ಪ್ರತಿಭೆ ಬೇಕು. ಪಾಪ, ವಿಳಾಸದಲ್ಲಿ ಯಾವ ವಾರ್ಡ್ ನಂಬರ್ ಬರೆಯಬೇಕು ಅಂತಲೇ ಆ ಹುಡುಗಿಗೆ ತಿಳಿಯಲಿಲ್ಲ.

ಉತ್ತರ ಯಾರಾದರೂ ಕೊಡಬೇಕಲ್ವಾ, ನಾನೇ ಕೊಡುತ್ತೇನೆ.

ನೋಡಮ್ಮ, ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. 1993ರಿಂದ ಹೇಳುತ್ತಲೇ ಇದೆ. ಬಿಬಿಎಂಪಿ ಇದ್ದಾಗ ಈ ಸಮಿತಿಯ ಸಭೆ ತಿಂಗಳ ಮೊದಲ ಶನಿವಾರ. ಕಾರ್ಪೊರೇಟರ್ ಹೋದ ಮೇಲೆ ಅಧ್ಯಕ್ಷರ ಕುರ್ಚಿಯಲ್ಲಿ ನೋಡಲ್ ಅಧಿಕಾರಿ ಕೂತರು. ಅವರಿಗೆ ಇನ್ನೂ ನಾಲ್ಕು ಕೆಲಸ, ವರ್ಗಾವಣೆಯ ಭಯ ಬೇರೆ. ನಿನ್ನ ಬೀದಿಯ ಚರಂಡಿ ಕಟ್ಟಿಕೊಂಡಿದೆ ಎಂದರೆ ಅವರು ತಲೆ ಆಡಿಸುತ್ತಾರೆ, ಎಂಜಿನಿಯರ್ ‘ಎಸ್ಟಿಮೇಟ್ ಹಾಕ್ತೀವಿ ಮೇಡಂ’ ಅನ್ನುತ್ತಾರೆ, ಸಭೆ ಮುಗಿಯಿತು.

ಆ ಎಸ್ಟಿಮೇಟ್ ಕೆಲಸವಾಗಿ ಹುಟ್ಟಿದೆಯೋ ಇಲ್ಲವೋ ತಿಳಿಯಲು ಒಂದೇ ದಾರಿ, ಜಾಬ್ ಕೋಡ್ ಕೇಳುವುದು, ಅಂದರೆ ಪ್ರತಿ ಕಾಮಗಾರಿಗೆ ಪಾಲಿಕೆ ಕೊಡುವ ನಂಬರ್. ಅದರ ಮೊದಲ ಅಂಕಿಗಳು ವಾರ್ಡಿನದು, ಆಮೇಲೆ ವರ್ಷ, ಆಮೇಲೆ ಕ್ರಮಸಂಖ್ಯೆ. ಕೋಡ್ ಇಲ್ಲ ಅಂದರೆ ನಿನ್ನ ಚರಂಡಿ ಮಾತಿನಲ್ಲಷ್ಟೇ ಇದೆ. ಕೋಡ್ ಇದ್ದರೆ ಇನ್ನೊಂದು ಕೇಳು: ಇದೇ ಚರಂಡಿಗೆ ಹೋದ ವರ್ಷ, ಅದರ ಹಿಂದಿನ ವರ್ಷ ಹೂಳು ತೆಗೆದ ಬಿಲ್ ಆಗಿದೆಯಾ? ಯಾಕೆಂದರೆ ಹೂಳಿನಂಥ ಒಳ್ಳೆ ಕಾಮಗಾರಿ ಇನ್ನೊಂದಿಲ್ಲ. ಎಷ್ಟು ಲೋಡ್ ತೆಗೆದರು ಅಂತ ಅಳತೆ ಪುಸ್ತಕದಲ್ಲಿ ಬರೆದರೆ ಬರೆದದ್ದೇ. ಒಂದು ಮಳೆ ಬಂದರೆ ಸಾಕು, ಎಲ್ಲ ಮತ್ತೆ ತುಂಬುತ್ತದೆ, ತೆಗೆದಿದ್ದರು ಅನ್ನುವುದಕ್ಕೂ ತೆಗೆದೇ ಇಲ್ಲ ಅನ್ನುವುದಕ್ಕೂ ಸಾಕ್ಷಿ ಉಳಿಯುವುದಿಲ್ಲ.

ನಡುವೆ ಒಂದು ಮಾತು, ಪಾರ್ಕಿನ ಕಲ್ಲುಬೆಂಚು ನೋಡಿದ್ದೀಯಾ? ಒರಗುವ ಜಾಗದಲ್ಲಿ ‘ಮಾನ್ಯ ಶಾಸಕರ ಅನುದಾನದಲ್ಲಿ’ ಅಂತ ದಪ್ಪ ಅಕ್ಷರ. ಕೂತರೆ ಹೆಸರು ಬೆನ್ನಿಗೆ ಬರುತ್ತದೆ, ಅದಕ್ಕೇ ಕೆಲವು ಕಡೆ ಎರಡೂ ಬದಿಗೆ ಬರೆಸಿರುತ್ತಾರೆ. ಬಸ್ ಸ್ಟಾಪಿನಲ್ಲಿ ಬಸ್ಸಿನ ನಂಬರ್ ಇರುವುದಿಲ್ಲ, ಉದ್ಘಾಟಿಸಿದವರ ಫೋಟೊ ಇರುತ್ತದೆ. ಅನುದಾನ ಅಂದರೆ ಅವರ ಮನೆಯ ದುಡ್ಡು ಅಂದುಕೊಂಡವರು ನಮ್ಮಲ್ಲಿ ಜಾಸ್ತಿ. ನಿಮ್ಮಮ್ಮ ಕಟ್ಟಿದ ಆಸ್ತಿ ತೆರಿಗೆಯ ಹೆಸರು ಯಾವ ಬೆಂಚಿನ ಮೇಲೂ ಇಲ್ಲ.

ಹೌದು, ಕಾರ್ಪೊರೇಟರ್ ಇಲ್ಲದ ಜಾಗಕ್ಕೆ ಬಂದವರು ಈ ಶಾಸಕರೇ. ನಿಮ್ಮ ಬೀದಿಗೆ ಟಾರು ಯಾವಾಗ ಅಂತ ಎಂಜಿನಿಯರ್ ಕೇಳುವುದು ಶಾಸಕರ ಆಫೀಸನ್ನು, ನಿನ್ನನ್ನಲ್ಲ. ಅವರ ಆಫೀಸಿಗೆ ಮೊದಲ ಶನಿವಾರ ಅನ್ನುವ ಕಟ್ಟುಪಾಡೂ ಇಲ್ಲ, ಸಭೆಯ ನಡಾವಳಿ ಬರೆಯುವ ಹಂಗೂ ಇಲ್ಲ.

ಇರಲಿ, ತಮಾಷೆ ಸಾಕು. 2025ರ ಮಾರ್ಚಿನಲ್ಲಿ ಟೌನ್‌ಹಾಲಿನಲ್ಲಿ ಅಧಿಕಾರಿಗಳು ಬಿಬಿಎಂಪಿ ಬಜೆಟ್ ಓದಿದರು. ಸುಮಾರು 19,900 ಕೋಟಿ. ಓದಿದವರು ಅಧಿಕಾರಿ, ಒಪ್ಪಿದವರು ಆಡಳಿತಾಧಿಕಾರಿ, ಅವರನ್ನು ಕೂರಿಸಿದ್ದು ಸರ್ಕಾರ. ಬೇಡ ಅಂತ ಹೇಳುವ ಒಬ್ಬ ಚುನಾಯಿತ ಸದಸ್ಯ ಇಡೀ ಊರಿಗೆ ಇರಲಿಲ್ಲ. 2021ರಿಂದ 2025ರವರೆಗೆ ಐದು ಬಜೆಟ್ ಹೀಗೇ ಹೋದವು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇದೇ ಹಾಡು, ಕಾರಣ ಮಾತ್ರ ಬೇರೆ: ಒಮ್ಮೆ ವಾರ್ಡ್ ವಿಂಗಡಣೆ, ಒಮ್ಮೆ ಮೀಸಲಾತಿ ಪಟ್ಟಿ, ಒಮ್ಮೆ ಹೊಸ ಕಾಯ್ದೆ. ಬೇಸರ ಆಗುತ್ತೆ, ಅಷ್ಟೇ ಅಲ್ಲ, ಸಿಟ್ಟು ಬರುತ್ತೆ.

ಪ್ರಾಜೆಕ್ಟಿಗೆ ಅಂಕ ಬೇಕಲ್ಲ, ಹೀಗೆ ಮಾಡು. ನಿಮ್ಮ ಬೀದಿಯ ಮೂರು ವರ್ಷದ ಜಾಬ್ ಕೋಡುಗಳ ಪಟ್ಟಿ ಮತ್ತು ಬಿಲ್ಲಿನ ಮೊತ್ತ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅಪ್ಪನ ಹೆಸರಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕೊಟ್ಟರೆ ಚರಂಡಿ ಮುಂದೆ ನಿಂತು ಒಂದೊಂದೇ ಟಿಕ್ ಹಾಕು. ಕೊಡದಿದ್ದರೆ ಮೇಲ್ಮನವಿ ಹಾಕು, ಆ ಅರ್ಜಿಯನ್ನೇ ಪ್ರಾಜೆಕ್ಟಿಗೆ ಅಂಟಿಸು. ನಿನ್ನ ಪ್ರಶ್ನೆಗೆ ಪೂರ್ತಿ ಉತ್ತರ ಅದರಲ್ಲೇ ಇರುತ್ತೆ.