ಸುಮ್ಮನೆ ಮಲಗಿದ್ದ ಅಜ್ಜ ಮತ್ತು 45 ಅಂಕ

ಶಿವಮೊಗ್ಗದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನಾನು ಈ ವಾರ ವೃದ್ಧರ ಶುಶ್ರೂಷೆಯ ಅಸೈನ್‌ಮೆಂಟ್‌ಗಳನ್ನು ತಿದ್ದುತ್ತಿದ್ದೇನೆ. ಬೀಳುವ ಅಪಾಯ, ಹಲವು ಮಾತ್ರೆಗಳ ಸೇವನೆ, ಡೆಲಿರಿಯಂ ಅಂದರೆ ಸನ್ನಿ ಎಂದು ಎಲ್ಲರೂ ಮೂರು ಅಧ್ಯಾಯ ಮಾಡಿ ಬರೆದಿದ್ದಾರೆ. ನನ್ನ ತಕರಾರು ಇರುವುದೇ ಆ ವಿಂಗಡಣೆಯ ಬಗ್ಗೆ, ಏಕೆಂದರೆ ಅವರು ನೋಡಿಕೊಂಡ ರೋಗಿಯಲ್ಲಿ ಈ ಮೂರೂ ಒಂದರೊಳಗೊಂದು ಹೆಣೆದುಕೊಂಡಿದ್ದವು.

ರೋಗಿ ತೀರ್ಥಹಳ್ಳಿ ಕಡೆಯ 76 ವರ್ಷದ ಅಡಿಕೆ ಬೆಳೆಗಾರರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಜಡಿಮಳೆಯ ದಿನಗಳಲ್ಲಿ ನ್ಯುಮೋನಿಯಾ ಆಗಿ ದಾಖಲಾಗಿದ್ದರು. ವಿದ್ಯಾರ್ಥಿನಿ ಅಂದೇ ಬೀಳುವ ಅಪಾಯವನ್ನು ಅಂಕಗಳಲ್ಲಿ ಅಳೆಯುವ ಮೋರ್ಸ್ ಫಾಲ್ ಸ್ಕೇಲ್ ತುಂಬಿದ್ದಳು: ಒಂದಕ್ಕಿಂತ ಹೆಚ್ಚು ಕಾಯಿಲೆಗೆ 15, ಕೈಗೆ ಹಾಕಿದ ಡ್ರಿಪ್ಪಿಗೆ 20, ನಿಶ್ಶಕ್ತ ನಡಿಗೆಗೆ 10, ಒಟ್ಟು 45. ಹಲವು ಆಸ್ಪತ್ರೆಗಳಲ್ಲಿ ಹೆಚ್ಚಿನ ಅಪಾಯ ಶುರುವಾಗುವುದೇ ಅಲ್ಲಿಂದ. ಹಾಗಾಗಿ ಮಂಚದ ಎರಡೂ ಬದಿಯ ಕಂಬಿಗಳನ್ನು ಏರಿಸಿದರು, ಕಡತ ಮುಚ್ಚಿದರು. ಹಿಂದಿನ ತಿಂಗಳು ಅವರು ಕೊಟ್ಟಿಗೆಯಲ್ಲಿ ಜಾರಿ ಬಿದ್ದದ್ದು ಸೊಸೆಗೆ ಗೊತ್ತಿತ್ತು, ಆದರೆ ಆಕೆಯನ್ನು ಯಾರೂ ಕೇಳಿರಲಿಲ್ಲ. ಅದೊಂದಕ್ಕೇ 25 ಅಂಕ.

ಮೂರನೆಯ ದಿನ ಅಜ್ಜ ಬೆಳಗಿನಿಂದ ಸುಮ್ಮನೆ ಮಲಗಿದ್ದರು. ಸೊಸೆ, “ಮಾವ ಹೀಗಲ್ಲ ಮೇಡಂ, ನಿನ್ನೆ ಮಧ್ಯಾಹ್ನದವರೆಗೂ ಪೇಪರ್ ಓದ್ತಿದ್ರು” ಎಂದರು. ಕೇಸ್ ಶೀಟಿನಲ್ಲಿ ಮಾತ್ರ ‘ರೋಗಿ ಶಾಂತವಾಗಿದ್ದಾರೆ’ ಎಂದು ದಾಖಲಾಯಿತು. ನಮ್ಮಲ್ಲಿ ಸನ್ನಿ ಎಂದರೆ ಕೂಗಾಡುವುದು, ಸೂಜಿ ಕಿತ್ತೆಸೆಯುವುದು. ಮಂಕಾಗಿ ಬಿದ್ದಿರುವ ಸನ್ನಿಯೂ ಇದೆ, ಮುದುಕರಲ್ಲಿ ಅದೇ ಹೆಚ್ಚಾಗಿ ಕಣ್ತಪ್ಪುತ್ತದೆ, ಇಲ್ಲವೇ ಅರಳುಮರಳಿನ ಲೆಕ್ಕಕ್ಕೆ ಸೇರುತ್ತದೆ. ಅರಳುಮರಳು ವರ್ಷಗಟ್ಟಲೆ ನಿಧಾನವಾಗಿ ಬರುವಂಥದ್ದು, ಡೆಲಿರಿಯಂ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬಂದು ಹೊತ್ತುಹೊತ್ತಿಗೆ ಏರಿಳಿಯುವಂಥದ್ದು. ಗಮನ ನಿಲ್ಲುತ್ತದೆಯೇ ಎಂದು ನೋಡಲು ವಾರಗಳನ್ನು ಹಿಂದಿನಿಂದ ಹೇಳಿಸಿದರೆ ಸಾಕು. ನಾನು ಕೇಳಿದಾಗ ಅಜ್ಜ ಶನಿವಾರ, ಶುಕ್ರವಾರ ಎಂದವರು ಅಲ್ಲಿಗೇ ನಿಂತು, ಕಣ್ಣು ಮುಚ್ಚಿಕೊಂಡು, “ಔಷಧಿ ಹೊಡೆಯೋಕೆ ಹುಡುಗರು ಬಂದ್ರಾ?” ಎಂದರು. ಹೊರಗೆ ಮಳೆ ಹೊಯ್ಯುತ್ತಿತ್ತು, ಅವರ ಮನಸ್ಸು ತೋಟದ ಕೊಳೆರೋಗದ ಹಿಂದೆ ಹೋಗಿತ್ತು. ನಾನು ಕೇಳಿದ್ದು ಮಾತ್ರ ನಾಲ್ಕನೆಯ ದಿನ, ಅವರು ಬಿದ್ದ ಮೇಲೆ.

ಬಿದ್ದದ್ದು ಹಿಂದಿನ ರಾತ್ರಿ ಎರಡೂವರೆಗೆ. ಮೂತ್ರಕ್ಕೆಂದು ಎದ್ದವರು ಕಂಬಿಯನ್ನು ದಾಟಿ ಇಳಿಯಲು ಹೋಗಿದ್ದರು. ಅಂದರೆ ಕಂಬಿ ಅವರನ್ನು ತಡೆಯಲಿಲ್ಲ, ಇನ್ನಷ್ಟು ಎತ್ತರದಿಂದ ಬೀಳಿಸಿತು. ಪುಣ್ಯಕ್ಕೆ ಸೊಂಟದ ಮೂಳೆ ಉಳಿಯಿತು.

ಆ ಹೊತ್ತಿನಲ್ಲಿ ಮೂತ್ರಕ್ಕೆ ಅವಸರವಾದದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ಮಾತ್ರೆಗಳ ಪಟ್ಟಿಯಲ್ಲಿತ್ತು. ಬಿ.ಪಿ.ಗೆ ಅವರು ಆಮ್ಲೋಡಿಪಿನ್ 10 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದರು. ಆ ಮಾತ್ರೆಗೆ ಕಾಲು ಊದಿಸುವ ಗುಣವಿದೆ. ಊದಿದ ಕಾಲಿಗೆ ಹಿಂದೆ ಯಾರೋ ಫ್ಯೂರೋಸೆಮೈಡ್ ಸೇರಿಸಿದ್ದರು, ಅದು ಮೂತ್ರ ಹೆಚ್ಚಿಸುತ್ತದೆ. ದಿನಕ್ಕೆರಡು ಸಲ ಎಂದು ಬರೆದದ್ದನ್ನು ವಾರ್ಡಿನ ರೂಢಿಯಂತೆ ಬೆಳಿಗ್ಗೆ ಎಂಟು, ರಾತ್ರಿ ಎಂಟಕ್ಕೆ ಕೊಟ್ಟರು. ಎರಡನೆಯದನ್ನು ಮಧ್ಯಾಹ್ನವೇ ಮುಗಿಸಬೇಕಿತ್ತು. ಇದರ ಮೇಲೆ ಮೈ ತುರಿಕೆಗೆ ಫೆನಿರಮಿನ್ ಇಂಜೆಕ್ಷನ್, ಅದು ವಯಸ್ಸಾದವರಲ್ಲಿ ಮಂಪರು, ಗೊಂದಲ ತರುವ ಹಳೆಯ ಬಗೆಯ ಔಷಧ. ಕೊನೆಯದು ಯಾವ ಪಟ್ಟಿಯಲ್ಲೂ ಇರಲಿಲ್ಲ: ಅಜ್ಜನ ಎಲೆ-ಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲಿ, ಅರ್ಧ ಖಾಲಿಯಾದ ಅಲ್ಪ್ರಜೋಲಾಮ್ ಸ್ಟ್ರಿಪ್ ಸಿಕ್ಕಿತು. ನಿದ್ದೆಗೆಂದು ವರ್ಷಗಳಿಂದ ನುಂಗುತ್ತಿದ್ದರಂತೆ, ಆಸ್ಪತ್ರೆಯಲ್ಲೂ ಬಿಟ್ಟಿರಲಿಲ್ಲ.

ಮರುದಿನ ಐದು ನಿಮಿಷ ಮಲಗಿಸಿ ನೋಡಿದ ಬಿ.ಪಿ. 138/80 ಇತ್ತು. ನಿಲ್ಲಿಸಿ ಮೂರು ನಿಮಿಷಕ್ಕೆ 108/68. ಮೇಲಿನ ಅಂಕಿ 20 ಇಳಿದರೇ ಎಚ್ಚರ ವಹಿಸಬೇಕು, ಇಲ್ಲಿ 30 ಇಳಿದಿತ್ತು. ವೈದ್ಯರು ಫೆನಿರಮಿನ್ ಮತ್ತು ಫ್ಯೂರೋಸೆಮೈಡ್ ನಿಲ್ಲಿಸಿದರು, ಆಮ್ಲೋಡಿಪಿನ್ ತಗ್ಗಿಸಿದರು. ಅಲ್ಪ್ರಜೋಲಾಮನ್ನು ಮಾತ್ರ ಥಟ್ಟನೆ ನಿಲ್ಲಿಸಲಿಲ್ಲ. ವರ್ಷಗಟ್ಟಲೆ ನುಂಗಿದವರಿಗೆ ಹಾಗೆ ನಿಲ್ಲಿಸಿದರೆ ಅದರಿಂದಲೇ ಸನ್ನಿ ಹಿಡಿಯಬಹುದು. ಕೈ ಕಟ್ಟಿಬಿಡೋಣ ಎಂದು ಒಬ್ಬರು ಸೂಚಿಸಿದ್ದರು. ಕಟ್ಟಿದ ಕೈ ಗೊಂದಲವನ್ನು ಹೆಚ್ಚಿಸುತ್ತದೆಂದು ನಾನು ಒಪ್ಪಲಿಲ್ಲ. ಬದಲಿಗೆ ಮಂಚವನ್ನು ತಗ್ಗಿಸಿ, ಕನ್ನಡಕ ಕೊಡಿಸಿ, ಮಲಗುವ ಮುನ್ನ ಶೌಚಾಲಯಕ್ಕೆ ಕರೆದೊಯ್ದೆವು, ರಾತ್ರಿ ಸೊಸೆಯನ್ನು ಪಕ್ಕದಲ್ಲೇ ಇರಿಸಿದೆವು. ನ್ಯುಮೋನಿಯಾ ಇಳಿಯುತ್ತ ಬಂದದ್ದೂ ನೆರವಾಯಿತು ಎನ್ನಬೇಕು. ಏಳನೆಯ ದಿನ ಅಜ್ಜ ಶನಿವಾರದಿಂದ ಭಾನುವಾರದವರೆಗೆ ತಪ್ಪದೆ ಹೇಳಿ, “ಇದೇನು ಮಗ್ಗಿಯಾ?” ಎಂದು ಗದರಿದರು.

ಅಸೈನ್‌ಮೆಂಟನ್ನು ವಿದ್ಯಾರ್ಥಿನಿಗೆ ಹಿಂದಿರುಗಿಸಿದ್ದೇನೆ. ಅಂಕಪಟ್ಟಿಯನ್ನು ಪ್ರತಿದಿನ ಹೊಸದಾಗಿ ತುಂಬಿದ್ದರೆ ಮೂರನೆಯ ದಿನಕ್ಕೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿ ತರಲು ಹೇಳಿದ್ದೆ: ಕೊಟ್ಟಿಗೆಯ 25, ತನ್ನ ಮಿತಿ ಮರೆತದ್ದಕ್ಕೆ 15 ಸೇರಿ 85 ಎಂದು ಬರೆದು ತಂದಳು. ಅದರ ಮೇಲೆ, ಮೊದಲ ಸಾಲಿನಲ್ಲಿ, ಸೊಸೆಯ ಮಾತನ್ನು ಇದ್ದ ಹಾಗೆಯೇ ಇಟ್ಟಿದ್ದಾಳೆ: “ಮಾವ ಹೀಗಲ್ಲ.”