ನಾಣ್ಯದ ಆಟಕ್ಕೆ ಎಷ್ಟು ಕಟ್ಟಬಹುದು? ತುಷ್ಟಿಗುಣ ಉತ್ತರ ಕೊಡುತ್ತದೆಯೇ?

ಆಟ ಸರಳ. ಹೆಡ್ ಬೀಳುವವರೆಗೆ ನಾಣ್ಯ ಚಿಮ್ಮುತ್ತಾ ಹೋಗಬೇಕು. ಮೊದಲ ಸಲವೇ ಹೆಡ್ ಬಿದ್ದರೆ 2 ರೂಪಾಯಿ, ಎರಡನೇ ಸಲಕ್ಕೆ ಬಿದ್ದರೆ 4, ಮೂರನೇ ಸಲಕ್ಕೆ 8, ಹೀಗೆ ಪ್ರತಿ ಸಲವೂ ದುಪ್ಪಟ್ಟು. ಇದನ್ನು ಆಡಲು ಎಷ್ಟು ದುಡ್ಡು ಕೊಡಬಹುದು? ಗಣಿತಜ್ಞ ನಿಕೊಲಾಸ್ ಬರ್ನೂಲಿ 1713ರಲ್ಲಿ ಇಂಥದ್ದೊಂದು ಪ್ರಶ್ನೆಯನ್ನು ಪತ್ರದಲ್ಲಿ ಕೇಳಿದ್ದ. ತುಷ್ಟಿಗುಣ, ಅಂದರೆ ದುಡ್ಡಿನಿಂದ ಸಿಗುವ ತೃಪ್ತಿ, ಇದಕ್ಕೆ ಉತ್ತರ ಕೊಡುತ್ತದೆಯೇ ಅನ್ನುವುದರ ಪರ, ವಿರೋಧ ಎರಡನ್ನೂ ನೋಡೋಣ.

ಪರ: ತುಷ್ಟಿಗುಣ ಇಲ್ಲದೆ ಬೆಲೆ ಸಿಗಲ್ಲ

ಮೊದಲು ಸರಾಸರಿಯ ಲೆಕ್ಕ ನೋಡೋಣ. 2 ರೂಪಾಯಿ ಬರುವ ಸಾಧ್ಯತೆ ಅರ್ಧ, ಗುಣಿಸಿದರೆ 1. 4 ಬರುವ ಸಾಧ್ಯತೆ ಕಾಲು, ಅದೂ 1. 8ಕ್ಕೆ ಎಂಟನೇ ಒಂದು, ಮತ್ತೆ 1. ಬಹುಮಾನ ದುಪ್ಪಟ್ಟಾದ ಹಾಗೆಲ್ಲ ಸಾಧ್ಯತೆ ಅರ್ಧವಾಗುತ್ತದೆ, ಹಾಗಾಗಿ ಒಂದೊಂದೇ ಕೂಡುತ್ತಾ ಹೋಗುತ್ತದೆ, ಮುಗಿಯುವುದೇ ಇಲ್ಲ. ನಿರೀಕ್ಷಿತ ಮೌಲ್ಯ ಅನಂತ. ಅಂದರೆ ಮನೆ, ಹೊಲ ಮಾರಿಯಾದರೂ ಈ ಆಟ ಆಡಬೇಕು ಅನ್ನುತ್ತದೆ ಲೆಕ್ಕ! ಆದರೆ 100 ರೂಪಾಯಿ ಕಟ್ಟಿ ಆಡಿದರೆ ಏನಾಗುತ್ತದೆ? ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಮೊದಲ ಆರು ಸಲ ಹೆಡ್ ಬೀಳಲೇಬಾರದು. ಆ ಸಾಧ್ಯತೆ 64ರಲ್ಲಿ 1. ಉಳಿದ 63 ಪಾಲು ನಷ್ಟವೇ. ಆ ಅನಂತವೆಲ್ಲ ಕೂತಿರುವುದು ಯಾರಿಗೂ ಬರದಂಥ ದೂರದ ಬಹುಮಾನಗಳಲ್ಲಿ.

ನಿಕೊಲಾಸ್‌ನ ಸೋದರಸಂಬಂಧಿ ಡೇನಿಯಲ್ ಬರ್ನೂಲಿ 1738ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ಪ್ರಕಟಣೆಯಲ್ಲಿ ಹೇಳಿದ್ದು ಇಷ್ಟೇ: ರೂಪಾಯಿಯನ್ನು ಎಣಿಸಬೇಡಿ, ಆ ರೂಪಾಯಿಯಿಂದ ಆ ಮನುಷ್ಯನಿಗೆ ಸಿಗುವ ತೃಪ್ತಿಯನ್ನು ಎಣಿಸಿ. ಪಿಯುಸಿ ಅರ್ಥಶಾಸ್ತ್ರದಲ್ಲಿ ನಾವು ಓದಿದ ತುಷ್ಟಿಗುಣ ಇದೇ. ಸಾವಿರ ಇದ್ದವನಿಗೆ ಎರಡು ಸಾವಿರ ಆದಾಗ ಆಗುವ ಖುಷಿ, ಎರಡು ಸಾವಿರ ಇದ್ದವನಿಗೆ ನಾಲ್ಕು ಸಾವಿರ ಆದಾಗಿನ ಖುಷಿಗೆ ಸಮ. ಪ್ರತಿ ದುಪ್ಪಟ್ಟೂ ಒಂದು ಮೆಟ್ಟಿಲು. ಗಣಿತದಲ್ಲಿ ಇದನ್ನೇ ಲಾಗ್ ಅನ್ನುತ್ತಾರೆ.

ಈಗ ಮತ್ತೆ ಕೂಡಿ. ಆಟಗಾರನ ಕೈಲಿ ಬೇರೆ ದುಡ್ಡೇ ಇಲ್ಲ ಅಂದುಕೊಳ್ಳಿ. 2 ರೂಪಾಯಿ ಒಂದು ಮೆಟ್ಟಿಲು, 4 ಎರಡು, 8 ಮೂರು. 1/2 + 2/4 + 3/8 + 4/16... ಇದು ಬೆಳೆಯುತ್ತಾ ಹೋಗಿ 2ರ ಹತ್ತಿರ ನಿಂತುಬಿಡುತ್ತದೆ. ಎರಡು ಮೆಟ್ಟಿಲು ಅಂದರೆ 4 ರೂಪಾಯಿ. ಅನಂತ ಹೋಗಿ 4 ಆಯಿತು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಬೇರೆ. ರಾಯಚೂರಿನ ಹತ್ತಿ ಮಾರುಕಟ್ಟೆಯ ಹಮಾಲಿಯೊಬ್ಬನ ಹತ್ತಿರ ಇರುವುದೆಲ್ಲಾ ಸೇರಿ 1,000 ರೂಪಾಯಿ, ಗಂಗಾವತಿಯ ರೈಸ್ ಮಿಲ್ ಮಾಲೀಕನೊಬ್ಬನ ಹತ್ತಿರ 10 ಲಕ್ಷ ಅನ್ನಿ. ಇದೇ ಲಾಗ್ ಲೆಕ್ಕದಲ್ಲಿ ಹಮಾಲಿ ಕೊಡಬಹುದಾದ ಗರಿಷ್ಠ ಬೆಲೆ ಸುಮಾರು 10.95 ರೂಪಾಯಿ, ಮಾಲೀಕನದ್ದು ಸುಮಾರು 20.88. ಆಸ್ತಿ ಸಾವಿರ ಪಟ್ಟು ಜಾಸ್ತಿ, ಬೆಲೆ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟು. ಒಂದೇ ಆಟಕ್ಕೆ ಇಬ್ಬರ ಬೆಲೆ ಯಾಕೆ ಬೇರೆ ಅನ್ನುವುದನ್ನು ಬರೀ ಸರಾಸರಿ ಯಾವತ್ತೂ ಹೇಳಲಾರದು.

ವಿರೋಧ: ತುಷ್ಟಿಗುಣ ಗಂಟನ್ನು ಪೂರ್ತಿ ಬಿಚ್ಚಿಲ್ಲ

ಮೊದಲ ತಕರಾರು: ಅನಂತ ದುಡ್ಡು ಕೊಡುವವರು ಯಾರು? ಆಟ ನಡೆಸುವವನ ಹತ್ತಿರ 1 ಲಕ್ಷ ಇದೆ ಅನ್ನಿ. 16ನೇ ಸಲದವರೆಗೆ, ಅಂದರೆ 65,536 ರೂಪಾಯಿವರೆಗೆ, ಅವನು ಪೂರ್ತಿ ಕೊಡಬಲ್ಲ. ಅಲ್ಲಿಗೆ ಸರಾಸರಿಯ ಲೆಕ್ಕ 16 ರೂಪಾಯಿ. 17ನೇ ಸಲಕ್ಕೆ 1,31,072 ಕೊಡಬೇಕು, ಅಷ್ಟು ಅವನಲ್ಲಿಲ್ಲ. ಅಲ್ಲಿಂದಾಚೆ ಎಷ್ಟೇ ಗೆದ್ದರೂ ಲಕ್ಷವೇ, ಅದರಿಂದ ಇನ್ನೊಂದೂವರೆ ರೂಪಾಯಿ ಸೇರುತ್ತದೆ. ಒಟ್ಟು 17.50 ಚಿಲ್ಲರೆ. ಕೊಡುವವನ ಹತ್ತಿರ 1 ಕೋಟಿ ಇದ್ದರೂ ಸುಮಾರು 24 ಅಷ್ಟೇ. ತುಷ್ಟಿಗುಣದ ಮಾತೇ ಎತ್ತದೆ ಅನಂತ ಮಾಯ, ಅಲ್ವಾ? ಹಮಾಲಿಗೂ ಮಾಲೀಕನಿಗೂ ಈ ಲೆಕ್ಕ ಒಂದೇ ಬೆಲೆ ಹೇಳುತ್ತದೆ ಅನ್ನುವ ಕೊರತೆ ಇದೆ, ಅದನ್ನು ಒಪ್ಪಲೇಬೇಕು.

ಲಾಗ್‌ನ್ನೇ ಯಾಕೆ ಹಿಡಿಯಬೇಕು ಅನ್ನುವುದೂ ಪ್ರಶ್ನೆಯೇ. ಗಣಿತಜ್ಞ ಗೇಬ್ರಿಯಲ್ ಕ್ರೇಮರ್ 1728ರಲ್ಲೇ ತೃಪ್ತಿ ಅಂದರೆ ದುಡ್ಡಿನ ವರ್ಗಮೂಲ ಅಂತ ಹಿಡಿದಿದ್ದ. ಆ ದಾರಿಯಲ್ಲಿ, ಕೈಲಿ ಏನೂ ಇಲ್ಲದವನಿಗೆ, ಇದೇ ಆಟದ ಬೆಲೆ 4 ಅಲ್ಲ, 5.83.

ದೊಡ್ಡ ಏಟು ಕೊಟ್ಟವನು ಗಣಿತಜ್ಞ ಕಾರ್ಲ್ ಮೆಂಗರ್, 1934ರಲ್ಲಿ. ಬಹುಮಾನವನ್ನು ಇನ್ನೂ ಜೋರಾಗಿ ಬೆಳೆಸಿದರೆ ಮುಗಿಯಿತು ಅಂತ ತೋರಿಸಿದ. 2, 4, 8 ಬದಲು 4, 16, 256, 65,536, ಹೀಗೆ ಹಿಂದಿನದರ ವರ್ಗ ಮಾಡುತ್ತಾ ಹೋಗಿ. ಈಗ ಮೆಟ್ಟಿಲುಗಳೇ 2, 4, 8, 16 ಆಗುತ್ತವೆ. ಸಾಧ್ಯತೆಯಿಂದ ಗುಣಿಸಿದರೆ ಮತ್ತೆ 1, 1, 1. ಲಾಗ್ ಹಾಕಿದರೂ ಅನಂತ ವಾಪಸ್! ವರ್ಗಮೂಲವೂ ಉಳಿಸಲ್ಲ. ಮಿತಿಯಿಲ್ಲದೆ ಏರುವ ಯಾವುದೇ ತುಷ್ಟಿಗುಣ ಹಿಡಿದರೂ ಅದನ್ನು ಒಡೆಯುವಂಥ ಆಟ ಕಟ್ಟಬಹುದು.

ಹಾಗಾಗಿ ತೃಪ್ತಿಗೇ ಒಂದು ಮಿತಿ ಇದೆ ಅಂತ ಒಪ್ಪಬೇಕಾಗುತ್ತದೆ. ಕ್ರೇಮರ್ ಅದನ್ನೂ ಹೇಳಿದ್ದ: 2ರ 24ನೇ ಘಾತ, ಅಂದರೆ 1,67,77,216 ದಾಟಿದ ಮೇಲೆ ಎಷ್ಟು ಬಂದರೂ ಒಂದೇ ಅಂತ. ಇಂಥ ಮಿತಿ ಹಾಕಿದರೆ ಮೆಂಗರ್‌ನ ಆಟವೂ ಬಗ್ಗುತ್ತದೆ. ಆದರೆ ಆ ಮಿತಿ ಹಮಾಲಿಗೆ ಎಲ್ಲಿ, ಮಿಲ್ ಮಾಲೀಕನಿಗೆ ಎಲ್ಲಿ ಅನ್ನುವುದನ್ನು ಡೇನಿಯಲ್ ಬರ್ನೂಲಿಯ ಸೂತ್ರ ಹೇಳುವುದಿಲ್ಲ, ಅದನ್ನು ಹೊರಗಿನಿಂದಲೇ ತಂದು ಸೇರಿಸಬೇಕು.