ಸ್ಪಷ್ಟನೆ: 0.6 ಎಂದರೆ ಶೇ. 60 ಅಲ್ಲ

"ನಮ್ಮ ತಾಲ್ಲೂಕಿನಲ್ಲಿ ಹಾಜರಾತಿಗೂ ಗಣಿತದ ಅಂಕಕ್ಕೂ 0.6 ಸಹಸಂಬಂಧ ಇದೆಯಂತೆ. ಹಾಜರಾತಿ ಬಿಗಿ ಮಾಡಿದರೆ ಅಂಕ ಶೇ. 60 ಏರುತ್ತದಲ್ಲವೇ?"

ಇಲ್ಲ. ಸಹಸಂಬಂಧವನ್ನು ಅಳೆಯುವ ಈ ಗುಣಾಂಕ -1ರಿಂದ +1ರವರೆಗೆ ಇರುತ್ತದೆ. ಎರಡು ಅಳತೆಗಳು ಎಷ್ಟು ನಿಕಟವಾಗಿ ಒಂದೇ ಗೆರೆಯ ಮೇಲೆ ಸಾಗುತ್ತವೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಅಂಕ ಎಷ್ಟು ಏರುತ್ತದೆ ಎಂಬುದನ್ನಲ್ಲ. 0.6ರ ವರ್ಗ 0.36. ಅಂದರೆ ಅಂಕಗಳ ಏರಿಳಿತದಲ್ಲಿ ಶೇ. 36ರಷ್ಟು ಮಾತ್ರ ಹಾಜರಾತಿಯ ಜೊತೆ ಹೊಂದಿಕೊಳ್ಳುತ್ತದೆ. ಅದೂ ಹಾಜರಾತಿಯಿಂದಲೇ ಆದದ್ದು ಎನ್ನಲಾಗದು.

ವಿಜಯಪುರ ಜಿಲ್ಲೆಯ ತಾಂಡಾಗಳನ್ನು ನೋಡಿ. ದೀಪಾವಳಿಯ ಆಸುಪಾಸಿನಲ್ಲಿ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಗುಳೆ ಹೋಗುತ್ತವೆ. ಜೊತೆಗೆ ಹೋದ ಮಗುವಿನ ಹಾಜರಿ ತಪ್ಪುತ್ತದೆ. ಅಜ್ಜಿಯ ಬಳಿ ಉಳಿದ ಹುಡುಗಿ ದಿನವೂ ಶಾಲೆಗೆ ಬಂದರೂ ಸಂಜೆ ನೀರು ತಂದು, ರೊಟ್ಟಿ ಬಡಿದು, ಪುಸ್ತಕ ತೆರೆಯುವಷ್ಟರಲ್ಲಿ ನಿದ್ದೆಗೆ ಜಾರುತ್ತಾಳೆ. ಬಡತನ ಹಾಜರಾತಿಯನ್ನೂ ಅಂಕವನ್ನೂ ಒಟ್ಟಿಗೇ ಕೆಳಗೆಳೆಯಬಲ್ಲದು. ಅವಳ ಹಾಜರಾತಿಯನ್ನು ಇನ್ನೆಷ್ಟು ಬಿಗಿ ಮಾಡುತ್ತೀರಿ?

ಗುಳೆ ಹೋಗುವ ಮನೆಗಳ ಮಕ್ಕಳನ್ನೂ ಉಳಿದ ಮನೆಗಳ ಮಕ್ಕಳನ್ನೂ ಬೇರೆ ಮಾಡಿ ಗುಣಾಂಕ ಲೆಕ್ಕ ಹಾಕಿ. ಎರಡೂ ಗುಂಪುಗಳಲ್ಲಿ ಅದು 0.2ರ ಹತ್ತಿರ ಕುಸಿದರೆ, ಕಂಡ ನಂಟಿನ ಬಹುಪಾಲು ಗುಳೆಯೊಡನೆ ಬಂದದ್ದು. 0.6ರಲ್ಲೇ ನಿಂತರೆ ಹಾಜರಾತಿಯೇ ಕಾರಣವಿರಬಹುದು ಎಂಬ ಅನುಮಾನ ಬಲವಾಗುತ್ತದೆ. ಆದರೂ ಓದಿನ ಆಸಕ್ತಿಯಂತಹ ಬೇರೆ ಕಾರಣ ಎರಡನ್ನೂ ಮೇಲೆತ್ತಿರಬಹುದು.